ಡಿಕ್ಕಿ ಹೊಡೆಸದೆ ಭೇಟಿ ಮಾಡಿಸುವುದು ಹೇಗೆ? ಪುಟ್ಟ ಪ್ರೇಮಕಥೆಯ ಮೊದಲ ದೃಶ್ಯಕ್ಕೆ ಸಮಗ್ರ ಮಾರ್ಗದರ್ಶಿ

ತಿಂಗಳಿಗೊಮ್ಮೆ ನಾವು ಕೆಲವರು ಮಾಟುಂಗದ ಒಬ್ಬರ ಮನೆಯಲ್ಲಿ ಸೇರಿ ಕಥೆ ಓದುತ್ತೇವೆ. ಪ್ರೇಮಕಥೆ ಬಂದ ದಿನ ನನಗೆ ಮೊದಲೇ ಗೊತ್ತಿರುತ್ತದೆ. ದಾದರ್ ಸೇತುವೆ, ಸಂಜೆ ಆರು ಗಂಟೆ. ಅವಳು ಬರುತ್ತಾಳೆ, ಅವನು ಬರುತ್ತಾನೆ, ಡಿಕ್ಕಿ. ಕಾಗದ ಹಾರುತ್ತದೆ. ಇಬ್ಬರೂ ಬಗ್ಗಿ ಎತ್ತುವಾಗ ಕಣ್ಣು ಸೇರುತ್ತದೆ.

ಸಂಜೆ ಆರಕ್ಕೆ ದಾದರ್ ಸೇತುವೆಯ ಮೇಲೆ ಯಾರಾದರೂ ಬಗ್ಗಿದ್ದನ್ನು ನೋಡಿದ್ದೀರಾ? ಬಗ್ಗಿದರೆ ಹಿಂದಿನವರು ತಳ್ಳಿಕೊಂಡೇ ಹೋಗುತ್ತಾರೆ. ಮುಂಬೈಯಲ್ಲಿ ಡಿಕ್ಕಿ ಒಂದು ಘಟನೆಯೇ ಅಲ್ಲ. ದಿನಕ್ಕೆ ಐವತ್ತು ಸಲ ಆಗುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಹಾಗಾಗಿ ಓದುಗನೂ ತಿರುಗಿ ನೋಡುವುದಿಲ್ಲ.

ತಪ್ಪಿರುವುದು ಕಲ್ಪನೆಯಲ್ಲಿ ಅಲ್ಲ, ಕ್ರಮದಲ್ಲಿ. ಎಲ್ಲರೂ ಅಪಘಾತದಿಂದ ಶುರು ಮಾಡುತ್ತಾರೆ. ಅದು ಬರಬೇಕಾದದ್ದು ಮೂರನೆಯದಾಗಿ. ಎರಡು ಸಾವಿರ ಪದದ ಕಥೆ, ಅದರಲ್ಲಿ ಐನೂರು ಅರುನೂರು ಪದದ ಭೇಟಿಯ ದೃಶ್ಯ ಎಂದಿಟ್ಟುಕೊಂಡು ಕ್ರಮ ಹೇಳುತ್ತೇನೆ. ಉದಾಹರಣೆ ಒಂದೇ, ಕೊನೆಯವರೆಗೂ ಅದನ್ನೇ ಕಟ್ಟುತ್ತಾ ಹೋಗೋಣ.

ಬೇಕಾದ ಸಾಮಾನು

ಒಂದು ಹಾಳೆ, ನಡುವೆ ಒಂದು ಗೆರೆ. ಎಡಕ್ಕೆ ಅವಳು, ಬಲಕ್ಕೆ ಅವನು. ಆ ಜಾಗಕ್ಕೆ ಒಂದು ಸಲ ಹೋಗಿ ಅರ್ಧ ಗಂಟೆ ಕೂತು ಬರುವಷ್ಟು ಪುರುಸೊತ್ತು. ಬರೆದದ್ದನ್ನು ಗಟ್ಟಿಯಾಗಿ ಓದಿ ಕೇಳಿಸಿಕೊಳ್ಳಲು ಫೋನಿನ ರೆಕಾರ್ಡರ್. ಇಷ್ಟೇ.

1. ಜಾಗ ಆರಿಸಬೇಡಿ, ಜಾಗದ ಕಟ್ಟಳೆ ಆರಿಸಿ

ಮಳೆ, ಸಮುದ್ರ, ಸಂಜೆಗೆಂಪು ಇವೆಲ್ಲ ಚಂದದ ಹಿನ್ನೆಲೆ. ಆದರೆ ಅವು ಇಬ್ಬರನ್ನು ಒಂದೆಡೆ ಕೂರಿಸುವುದಿಲ್ಲ. ಕೂರಿಸುವುದು ಆ ಜಾಗದ ಕಟ್ಟಳೆ. ಇಲ್ಲಿ ಹೀಗೇ ಮಾಡಬೇಕು, ಬೇರೆ ದಾರಿ ಇಲ್ಲ ಎನ್ನುವಂಥದ್ದು.

ಮಾಟುಂಗದ ಹಳೇ ಉಡುಪಿ ಹೋಟೆಲುಗಳಲ್ಲಿ ಭಾನುವಾರ ಬೆಳಿಗ್ಗೆ ಹೊರಗೆ ಸಾಲು ನಿಂತಿರುತ್ತದೆ. ಒಳಗೆ ಟೇಬಲು ಪೂರ್ತಿ ನಿಮಗೆ ಸಿಗುವುದಿಲ್ಲ. ಒಂದು ಕುರ್ಚಿ ಖಾಲಿ ಆದರೆ ಒಬ್ಬರನ್ನು ಕಳಿಸುತ್ತಾರೆ. ಎದುರಿಗೆ ಯಾರಿದ್ದರೂ ಸರಿ, ಕೂತು ತಿನ್ನಬೇಕು. ಹೊರಗೆ ಜನ ಕಾಯುತ್ತಿದ್ದಾರೆ, ಬೇಗ ಏಳಲೂಬೇಕು. ನೋಡಿ, ಎರಡು ಅಪರಿಚಿತ ಮುಖ ಎದುರುಬದುರು, ಹದಿನೈದೇ ನಿಮಿಷ. ಕಥೆಗಾರನ ಅರ್ಧ ಕೆಲಸ ಹೋಟೆಲೇ ಮಾಡಿಕೊಟ್ಟಿತು.

ಗೋವಾದಲ್ಲಿ ಬರೆಯುವವರಿಗೆ ನದಿ ದಾಟುವ ಫೆರಿ ಇದೆ. ಅದು ದಡ ಬಿಟ್ಟ ಮೇಲೆ ಆಚೆ ದಡದವರೆಗೆ ಯಾರೂ ಇಳಿಯುವ ಹಾಗಿಲ್ಲ. ಪುಣೆಯ ಪೇಟೆಗಳಲ್ಲಿ ಮಧ್ಯಾಹ್ನ ಒಂದಕ್ಕೆ ಷಟರ್ ಎಳೆಯುವ ಅಂಗಡಿಗಳಿವೆ, ಮತ್ತೆ ತೆಗೆಯುವುದು ನಾಲ್ಕಕ್ಕೆ. ಒಂದಕ್ಕೆ ಐದು ನಿಮಿಷ ಇರುವಾಗ ಇಬ್ಬರು ಗಿರಾಕಿ ಬಂದರೆ ಏನಾಗುತ್ತದೆ ಎಂದು ಯೋಚಿಸಿ.

ಇಲ್ಲಿ ಆಗುವ ದೊಡ್ಡ ತಪ್ಪು ಅಂದರೆ ಗೊತ್ತಿಲ್ಲದ ಜಾಗವನ್ನು ಊಹಿಸಿ ಬರೆಯುವುದು. ನಮ್ಮಲ್ಲಿ ಒಬ್ಬರ ಕಥೆಯ ನಾಯಕ ಫಾಸ್ಟ್ ಲೋಕಲಿನಿಂದ ಮಾಟುಂಗದಲ್ಲಿ ಇಳಿದ. ಅಲ್ಲಿ ಫಾಸ್ಟ್ ನಿಲ್ಲುವುದೇ ಇಲ್ಲ! ಇನ್ನೊಬ್ಬರು ಮಾಟುಂಗ ಮತ್ತು ಮಾಟುಂಗ ರೋಡ್ ಒಂದೇ ಎಂದುಕೊಂಡು ನಾಯಕಿಯನ್ನು ಸೆಂಟ್ರಲ್ ಲೈನ್ ಬಿಟ್ಟು ವೆಸ್ಟರ್ನ್ ಲೈನಿನಲ್ಲಿ ಕಾಯಿಸಿದರು. ಮುಂಬೈ ಓದುಗ ಅಲ್ಲಿಗೇ ಕಥೆ ಮಡಚಿಡುತ್ತಾನೆ.

2. ಇಬ್ಬರಿಗೂ ಒಂದೊಂದು ಕೆಲಸ, ಒಂದೊಂದು ಗಡಿಯಾರ, ಕೈಯಲ್ಲಿ ಒಂದೊಂದು ವಸ್ತು

ಈಗ ಹಾಳೆ ತುಂಬಿಸಿ. ಸ್ವಭಾವ, ಬಣ್ಣ, ಎತ್ತರ ಯಾವುದೂ ಬೇಡ. ಮೂರೇ ಪ್ರಶ್ನೆ: ಎಲ್ಲಿಗೆ ಹೊರಟಿದ್ದಾರೆ, ಎಷ್ಟು ಹೊತ್ತಿಗೆ ಅಲ್ಲಿರಬೇಕು, ಕೈಯಲ್ಲಿ ಏನಿದೆ?

ಎಡಕ್ಕೆ: ಗೀತಾ. ಧಾರವಾಡದವಳು. ಮುಂಬೈಗೆ ಬಂದು ಎಂಟು ತಿಂಗಳು, ಸಯನ್‌ನಲ್ಲಿ ಪೇಯಿಂಗ್ ಗೆಸ್ಟ್. ಬ್ಯಾಂಕಿನ ಬಡ್ತಿ ಪರೀಕ್ಷೆ ಇದೆ, ಹತ್ತಿರದ ಕಾಲೇಜಿನಲ್ಲಿ. ಒಂಬತ್ತೂವರೆಗೆ ಗೇಟ್ ಹಾಕುತ್ತಾರೆ. ಕೈಯಲ್ಲಿ ನೋಟ್ಸ್, ಎರಡು ಪೆನ್ನು. ಫೋನು ಒಳಗೆ ಬಿಡುವುದಿಲ್ಲ ಎಂದು ರೂಮಿನಲ್ಲೇ ಇಟ್ಟು ಬಂದಿದ್ದಾಳೆ.

ಬಲಕ್ಕೆ: ಸುಧಾಕರ. ಕಾರ್ಕಳ ಕಡೆಯವನು, ಮುಲುಂಡ್‌ನಲ್ಲಿ ಮನೆ, ಲೆಕ್ಕಪತ್ರದ ಕೆಲಸ. ಮನೆಯಲ್ಲಿ ಪೂಜೆ, ಹತ್ತೂವರೆಗೆ ಭಟ್ಟರು ಬರುತ್ತಾರೆ. ಮಾಟುಂಗದಲ್ಲಿ ಹೂವು, ಬಾಳೆ ಎಲೆ ತೆಗೆದುಕೊಂಡಿದ್ದಾನೆ. ಸ್ಲೋ ಗಾಡಿಯಲ್ಲಿ ಮುಲುಂಡ್‌ಗೆ ಅರ್ಧ ಗಂಟೆ. ಎಲೆ ಹರಿಯದಂತೆ ಒಯ್ಯಬೇಕು.

ಫೋನಿನ ಸಂಗತಿ ಸಣ್ಣದಲ್ಲ. ಈಗಿನ ಭೇಟಿಯ ದೃಶ್ಯಗಳನ್ನು ಕೊಲ್ಲುವುದೇ ಅದು. ಯಾರಾದರೂ ಹತ್ತು ರೂಪಾಯಿ ಸಾಲ ಉಳಿಸಿಕೊಂಡರೂ ಮೂರು ಸೆಕೆಂಡಿನಲ್ಲಿ ಸ್ಕ್ಯಾನ್ ಮಾಡಿ ತೀರಿಸುತ್ತಾರೆ. ಹೆಸರು ಗೊತ್ತಾದರೆ ಸಂಜೆಯೊಳಗೆ ಇನ್‌ಸ್ಟಾಗ್ರಾಂನಲ್ಲಿ ಸಿಗುತ್ತಾರೆ. ಹಾಗಾಗಿ ಒಬ್ಬರ ಕೈಯಲ್ಲಾದರೂ ಫೋನಿರಬಾರದು, ಅದಕ್ಕೆ ನಂಬುವಂಥ ಕಾರಣ ಬೇಕು. "ಬ್ಯಾಟರಿ ಮುಗಿದಿತ್ತು" ಎಂದು ಬರೆದರೆ ಓದುಗನಿಗೆ ಲೇಖಕನ ಕೈ ಕಾಣುತ್ತದೆ.

ಹಾಳೆಯ ಎರಡೂ ಬದಿಯಲ್ಲಿ ಗಂಟೆ ಬರೆಯದೇ ಮುಂದೆ ಹೋಗಬೇಡಿ. ಇಬ್ಬರಿಗೂ ಪುರುಸೊತ್ತು ಇದ್ದರೆ ದೃಶ್ಯ ಹರಟೆಯಾಗುತ್ತದೆ. ಅವಸರ ಇರುವವರು ನಿಂತು ಒಂದು ಮಾತು ಆಡಿದರೆ ಆ ಮಾತಿಗೆ ಬೆಲೆ.

3. ಅಪಘಾತ: ಸಣ್ಣದು, ಆದರೆ ವಾಪಸ್ ಮಾಡಲಾಗದ್ದು

ಈಗ ಮೊದಲ ಎರಡು ಹಂತವನ್ನು ಒಂದಕ್ಕೊಂದು ತಾಗಿಸಿ. ಟೇಬಲ್ ಹಂಚಿಕೊಳ್ಳುವ ಕಟ್ಟಳೆ, ಅವಳ ಕಣ್ಣು ನೋಟ್ಸಿನ ಮೇಲೆ, ಅವನ ಗಮನ ಬಾಳೆ ಎಲೆಯ ಮೇಲೆ. ಏನು ತಪ್ಪಾಗಬಹುದು? ಅವನು ಹೇಳಿದ್ದು ರಸಂ ವಡೆ, ಅವಳು ಹೇಳಿದ್ದು ಇಡ್ಲಿ. ಸಪ್ಲೈಯರ್ ಅವಸರದಲ್ಲಿ ಅದಲುಬದಲು ಇಟ್ಟು ಹೋಗುತ್ತಾನೆ. ಅವನು ಎಲೆಯ ಸುರುಳಿಯನ್ನು ಆಚೆ ಸರಿಸಿ ತಿರುಗುವಷ್ಟರಲ್ಲಿ ಅವಳು ನೋಟ್ಸಿನಿಂದ ತಲೆ ಎತ್ತದೆಯೇ ವಡೆಯನ್ನು ಅರ್ಧ ಮುಗಿಸಿದ್ದಾಳೆ.

ಇದು ಡಿಕ್ಕಿಗಿಂತ ಏಕೆ ವಾಸಿ? ಒಂದೇ ಪದ: ಎಂಜಲು. ಕಾಗದ ಬಿದ್ದರೆ ಎತ್ತಿಕೊಡಬಹುದು, ಅಲ್ಲಿಗೆ ಮುಗಿಯಿತು. ಎಂಜಲಾದ ತಟ್ಟೆಯನ್ನು ವಾಪಸ್ ಕೊಡಲಾಗದು, ತಗೊಳ್ಳಲೂ ಆಗದು. ನಮ್ಮಲ್ಲಿ ಒಂದು ತಟ್ಟೆಯಿಂದ ತಿನ್ನುವುದು ಯಾರು ಯಾರು ಎಂದು ಎಲ್ಲರಿಗೂ ಗೊತ್ತು. ಲೇಖಕ ಅದನ್ನು ಬಿಡಿಸಿ ಹೇಳುವುದೇ ಬೇಡ. ಇಬ್ಬರ ಕಿವಿಯೂ ತಾನಾಗಿ ಕೆಂಪಾಗುತ್ತದೆ.

ಅಪಘಾತವನ್ನು ಅಳೆಯಲು ನನ್ನದೊಂದು ಲೆಕ್ಕ ಇದೆ. ಇಬ್ಬರಿಗೂ ಏನಾದರೂ ನಷ್ಟ ಆಗಬೇಕು, ಆದರೆ ಯಾರಿಗೂ ಪೆಟ್ಟಾಗಬಾರದು. ಅವನಿಗೆ ತಿಂಡಿ ಹೋಯಿತು, ಅವಳಿಗೆ ಮಾನ ಹೋಯಿತು. ಇಷ್ಟು ಸಾಕು. ಸ್ಕೂಟರ್ ಗುದ್ದಿ ಕಾಲು ಮುರಿಸಿದರೆ ಕಥೆ ಆಸ್ಪತ್ರೆಗೆ ಹೋಗುತ್ತದೆ, ಮತ್ತೆ ಪ್ರೇಮಕ್ಕೆ ಬರುವುದಿಲ್ಲ.

ಅಪಘಾತ ಒಂದೇ ಇರಲಿ. ಎರಡನೆಯದು ಬೇಕೆನಿಸಿದರೆ ಅದು ಮೊದಲನೆಯದರ ಮರಿಯಾಗಿರಬೇಕು. ತಟ್ಟೆ ಅದಲುಬದಲಾದದ್ದನ್ನು, ಇಬ್ಬರೂ ಮಾತಾಡಿದ್ದನ್ನು ಕಂಡ ಸಪ್ಲೈಯರ್, ಇವರು ಜೊತೆಗೆ ಬಂದವರೆಂದು ಒಂದೇ ಬಿಲ್ಲು ಹಾಕುತ್ತಾನೆ. ಇದು ಮರಿ. ಅದೇ ಹೊತ್ತಿಗೆ ಕರೆಂಟು ಹೋದರೆ, ಅದು ಬೇರೆ ತಾಯಿಯ ಮಗು.

4. ಮೊದಲ ಮಾತು ತಪ್ಪು ಭಾಷೆಯಲ್ಲಿ ಇರಲಿ

ಮುಂಬೈಯಲ್ಲಿ ಇಬ್ಬರು ಕನ್ನಡಿಗರು ಮೊದಲು ಆಡುವುದು ಹಿಂದಿ. ಇದನ್ನು ಮರೆತು ಮೊದಲ ಸಾಲಿಗೇ ಇಬ್ಬರನ್ನೂ ಕನ್ನಡದಲ್ಲಿ ಮಾತಾಡಿಸುವವರು ಕೈಗೆ ಬಂದದ್ದನ್ನು ಚೆಲ್ಲುತ್ತಿದ್ದಾರೆ. ಭಾಷೆ ಬಯಲಾಗುವ ಕ್ಷಣ ಇಲ್ಲಿನ ಕಥೆಗಾರರಿಗೆ ಪುಕ್ಕಟೆ ಸಿಗುವ ತಿರುವು.

ಕನ್ನಡ ಬಾಯಿಂದ ಜಾರಬೇಕು, ಪರಿಚಯ ಹೇಳಿಕೊಳ್ಳುವಂತೆ ಬರಬಾರದು. ಗಾಬರಿಯಾದಾಗ, ನಾಲಿಗೆ ಸುಟ್ಟಾಗ, ತನ್ನನ್ನೇ ಬೈದುಕೊಳ್ಳುವಾಗ ಮನೆಯ ಮಾತು ಹೊರಬೀಳುತ್ತದೆ. ಗೀತಾ ಹಿಂದಿಯಲ್ಲಿ ಸಾರಿ ಹೇಳುತ್ತಾಳೆ, ಆಮೇಲೆ ತನ್ನಷ್ಟಕ್ಕೆ "ಅಯ್ಯ ಶಿವನ, ಎಂಜಲಾತಲ್ಲ" ಎನ್ನುತ್ತಾಳೆ. ಅವನು ಅದನ್ನು ಕೇಳಿಸಿಕೊಂಡು "ಪರವಾಗಿಲ್ಲ, ಇಲ್ಲಿ ಇಡ್ಲಿ ಉಂಟಲ್ಲ" ಎನ್ನುತ್ತಾನೆ. "ಆತು" ಮತ್ತು "ಉಂಟು", ಈ ಎರಡು ಪದದಲ್ಲಿ ಇಬ್ಬರ ಊರೂ ಬಂತು. "ಅವಳು ಧಾರವಾಡದವಳು" ಎಂದು ಬೇರೆ ಸಾಲು ಬರೆಯುವುದೇ ಬೇಡ.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಆಡುಮಾತನ್ನು ಉಪ್ಪಿನಕಾಯಿಗಿಂತ ಜಾಸ್ತಿ ಬಡಿಸುವುದು. ಪ್ರತಿ ಸಾಲಿಗೂ "ಮಾರಾಯ್ರೆ", ಪ್ರತಿ ಸಾಲಿಗೂ "ರೀ" ಹಾಕಿದರೆ ಅದು ನಾಟಕದ ಹಾಸ್ಯಪಾತ್ರವಾಗುತ್ತದೆ. ಎರಡು, ಅವಸರದಲ್ಲಿ "ನೀನು"ಗೆ ಇಳಿಯುವುದು. ಭೇಟಿಯ ದೃಶ್ಯ ಪೂರ್ತಿ "ನೀವು"ವಿನಲ್ಲೇ ಇರಲಿ. ಆ "ನೀವು" ಯಾವತ್ತು "ನೀನು" ಆಗುತ್ತದೆ ಎನ್ನುವುದೇ ಉಳಿದ ಕಥೆಗೆ ಒಂದು ದಾರ.

5. ಕಿಡಿ: ಮುಖ ನೋಡಿ ಅಲ್ಲ, ಕೆಲಸ ನೋಡಿ

ನನ್ನ ಮಟ್ಟಿಗೆ ಇದೇ ಕಷ್ಟದ ಹಂತ. ಸುಮ್ನೆ "ಅವಳ ನಗು ಅವನ ಎದೆಗೆ ತಾಗಿತು" ಎಂದು ಬರೆದರೆ ನಾವು ಅವನ ಮಾತನ್ನು ನಂಬಬೇಕು ಅಷ್ಟೇ. ನಮಗೂ ತಾಗಬೇಕಾದರೆ ನಾವೂ ನೋಡುವಂಥದ್ದೇನೋ ನಡೆಯಬೇಕು. ತಾನು ಯಾರ ಕಣ್ಣಿಗೂ ಬೀಳುತ್ತಿಲ್ಲ ಎಂದುಕೊಂಡು ಒಬ್ಬರು ಸಣ್ಣ ಕೆಲಸ ಮಾಡುತ್ತಾರೆ, ಇನ್ನೊಬ್ಬರು ಅದನ್ನು ಕಾಣುತ್ತಾರೆ. ಕಿಡಿ ಅಲ್ಲಿ.

ನಮ್ಮ ಉದಾಹರಣೆಯಲ್ಲಿ ಬಿಲ್ಲು ಬಂದಿದೆ. ಇಬ್ಬರದೂ ಸೇರಿದೆ. ಸುಧಾಕರ ಲೆಕ್ಕದವನು, ಬಿಡಿಸಲು ಅವಳಿಂದ ಪೆನ್ನು ಕೇಳುತ್ತಾನೆ. ಬಿಡಿಸುವಾಗ ಬಿಲ್ಲಿನಲ್ಲಿ ತನ್ನ ಎರಡನೇ ಕಾಫಿ ಇಲ್ಲ ಎಂದು ಗೊತ್ತಾಗುತ್ತದೆ. ಏನೂ ಹೇಳದೆ ಕೆಳಗೆ "ಕಾಫಿ 1" ಎಂದು ಬರೆಯುತ್ತಾನೆ. ಅವಳು ತಲೆಕೆಳಗಾಗಿ ಅದನ್ನು ಓದುತ್ತಾಳೆ. ಅಷ್ಟೇ. ಬ್ಯಾಂಕಿನವಳು ತನ್ನ ಕಣ್ಣೆದುರೇ ಒಬ್ಬ ತನ್ನ ವಿರುದ್ಧವೇ ಲೆಕ್ಕ ಸರಿಮಾಡುವುದನ್ನು ನೋಡಿದಳು. ಎಲ್ಲರಿಗೂ ಇದರಿಂದ ಕಿಡಿ ಹತ್ತುವುದಿಲ್ಲ, ಅವಳಿಗೆ ಹತ್ತುತ್ತದೆ. ಅದಕ್ಕೇ ಎರಡನೇ ಹಂತದಲ್ಲಿ ಕೆಲಸ ಏನೆಂದು ಬರೆಸಿದ್ದು.

ಅವನಿಗೂ ಒಂದು ಬೇಕು, ಇಲ್ಲದಿದ್ದರೆ ತಕ್ಕಡಿ ಒಂದೇ ಕಡೆ ತೂಗುತ್ತದೆ. ತಟ್ಟೆ ತನ್ನದಲ್ಲ ಎಂದು ತಿಳಿದ ಮೇಲೂ ಅವಳು ಅದನ್ನು ನಾಚಿಕೆಯಿಂದ ಆಚೆ ತಳ್ಳುವುದಿಲ್ಲ. ಪೂರ್ತಿ ತಿನ್ನುತ್ತಾಳೆ, ರಸಂ ಸಹ ಬಿಡದೆ. ಪೂಜೆ ಮನೆಯಲ್ಲಿ ಬೆಳೆದವನು ಅದನ್ನು ಗಮನಿಸುತ್ತಾನೆ.

ಒಂದು ಎಚ್ಚರಿಕೆ. ಅವನು ಅವಳ ಬಿಲ್ಲನ್ನೂ ಕೊಡುವುದು, ಅವಳ ಹಿಂದೆ ನಡೆದು ಹೋಗುವುದು, ಸಪ್ಲೈಯರ್ ಹತ್ತಿರ ಅವಳ ವಿಷಯ ವಿಚಾರಿಸುವುದು, ಕದ್ದು ಫೋಟೊ ತೆಗೆಯುವುದು, ಇವನ್ನೆಲ್ಲ ಕಿಡಿ ಎಂದು ಬರೆದ ಕಥೆಗಳು ಈಗಲೂ ಬರುತ್ತವೆ. ದಿನವೂ ಲೋಕಲಿನಲ್ಲಿ ಓಡಾಡುವ ಹೆಣ್ಣುಮಕ್ಕಳಿಗೆ ಓದಿಕೊಡಿ. ಅವರ ಮುಖ ನೋಡಿದರೆ ಸಾಕು.

6. ಬಿಡಿಸುವುದು: ಗಡಿಯಾರ ಎಳೆಯಲಿ, ವಸ್ತು ಉಳಿಯಲಿ

ಇಬ್ಬರನ್ನೂ ಎಬ್ಬಿಸುವುದು ಹೊರಗಿನ ಸಾಲು ಮತ್ತು ಅವರವರ ಗಂಟೆ. "ಮತ್ತೆ ಸಿಗೋಣ" ಎಂದು ಯಾರೂ ಹೇಳಬಾರದು. ಬದಲಿಗೆ ಒಬ್ಬರ ವಸ್ತು ಇನ್ನೊಬ್ಬರಲ್ಲಿ ಉಳಿಯಲಿ, ಮತ್ತು ಆ ವಸ್ತುವಿಗೆ ಇವತ್ತೇ ಬೆಲೆ ಇರಲಿ.

ಸುಧಾಕರ ಲೆಕ್ಕ ಮುಗಿಸಿ ಅಭ್ಯಾಸಬಲದಿಂದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಳ್ಳುತ್ತಾನೆ. ಗೊತ್ತಾಗುವುದು ಮಾಟುಂಗ ಪ್ಲಾಟ್‌ಫಾರ್ಮಿನಲ್ಲಿ. ಅವಳ ಹತ್ತಿರ ಈಗ ಒಂದೇ ಪೆನ್ನು. ಗೇಟು ಹಾಕಲು ಹನ್ನೊಂದು ನಿಮಿಷ. ಗಾಡಿ ಬರುತ್ತಿದೆ. ಇದು ಎರಡನೇ ಅಪಘಾತ ಅಲ್ಲವೇ ಎಂದು ಗುಂಪಿನಲ್ಲಿ ಒಬ್ಬರು ಕೇಳಿದರು. ಸ್ವಲ್ಪ ಹೌದು. ಆದರೆ ಬಿಲ್ಲಿನ ಗೊಂದಲದಿಂದಲೇ ಹುಟ್ಟಿದ್ದು, ಅವನ ವೃತ್ತಿಯ ಚಟದಿಂದ ಬೆಳೆದದ್ದು. ನಾನು ಅದನ್ನು ಮರಿಯ ಮರಿ ಎಂದು ಒಪ್ಪಿಕೊಂಡು ಉಳಿಸಿದೆ.

ಕಟ್ಟಿದ ದೃಶ್ಯ

ಎಲ್ಲ ಹಂತ ಸೇರಿದಾಗ ಹೀಗೆ ಕಾಣುತ್ತದೆ. ನಡುಭಾಗ ಮಾತ್ರ ಕೊಡುತ್ತೇನೆ.

*ಸುಧಾಕರ ಎಲೆಯ ಸುರುಳಿಯನ್ನು ಗೋಡೆಗೆ ಒರಗಿಸಿ ತಿರುಗಿದ. ಅವನ ಎದುರಿಗೆ ಇಡ್ಲಿ ಇತ್ತು. ಅವನ ವಡೆ ಟೇಬಲಿನ ಆಚೆ ಇತ್ತು, ಅರ್ಧ.*

*"ಎಕ್ಸ್‌ಕ್ಯೂಸ್ ಮಿ," ಅಂದ. "ವೋ ಮೇರಾ ಥಾ."*

*ಅವಳು ನೋಟ್ಸಿನಿಂದ ತಲೆ ಎತ್ತಿದಳು. ಚಮಚ ನೋಡಿದಳು. ತಟ್ಟೆ ನೋಡಿದಳು.*

*"ಸಾರಿ, ಸಾರಿ. ಮೈನೆ ದೇಖಾ ನಹೀಂ." ಆಮೇಲೆ ತಟ್ಟೆಗೇ ಹೇಳಿದಳು: "ಅಯ್ಯ ಶಿವನ, ಎಂಜಲಾತಲ್ಲ."*

*"ಪರವಾಗಿಲ್ಲ. ಇಲ್ಲಿ ಇಡ್ಲಿ ಉಂಟಲ್ಲ."*

*"ಉಡುಪಿಯವರೇನ್ರಿ?"*

*"ಕಾರ್ಕಳ."*

*"ಎಲ್ಲಾ ಒಂದ ಅಲ್ಲೇನ್ರಿ?"*

*"ಹಾಗಾದರೆ ನೀವು ಬೆಳಗಾವಿ."*

*"ಧಾರವಾಡ!"*

*"ಎಲ್ಲ ಒಂದೇ ಅಲ್ವಾ?"*

*ಅವಳು ನಗಲಿಲ್ಲ. ವಡೆಯ ಉಳಿದ ಅರ್ಧವನ್ನು ರಸಂನಲ್ಲಿ ಅದ್ದಿ, ಒಂದು ಚೂರೂ ಬಿಡದೆ ಮುಗಿಸಿ, ಬಟ್ಟಲು ಕೆಳಗಿಟ್ಟ ಮೇಲೆ ನಕ್ಕಳು.*

"ಎಲ್ಲ ಒಂದೇ" ಎಂಬ ಮಾತು ತಿರುಗಿ ಬಂದದ್ದನ್ನು ಗಮನಿಸಿ. ಕರಾವಳಿಯವರನ್ನೆಲ್ಲ ಉಡುಪಿ ಎನ್ನುವುದು, ಬಡಗಣದವರನ್ನೆಲ್ಲ ಬೆಳಗಾವಿ ಎನ್ನುವುದು, ಎರಡೂ ಮುಂಬೈಯಲ್ಲಿ ದಿನನಿತ್ಯ ಕೇಳುವ ಮಾತು. ಅವಳು ಎಸೆದದ್ದನ್ನು ಅವನು ಹಿಡಿದು ವಾಪಸ್ ಎಸೆದ. ಇಬ್ಬರು ಸರಿಸಮ ಎಂದು ಓದುಗನಿಗೆ ತಿಳಿಸಲು ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ.

7. ತಿದ್ದುವಾಗ ನೋಡಬೇಕಾದ ಲಕ್ಷಣ

ಮಾಟುಂಗ ಎಂಬ ಪದ ತೆಗೆದು ಬೆಂಗಳೂರಿನ ಒಂದು ಕೆಫೆ ಹಾಕಿ ನೋಡಿ. ದೃಶ್ಯ ಹಾಗೇ ನಡೆದರೆ ಮೊದಲ ಹಂತ ಕೆಟ್ಟಿದೆ, ಅಲ್ಲಿಗೇ ವಾಪಸ್ ಹೋಗಿ. ಮಾತುಗಳ ಮುಂದಿನ ಹೆಸರು ಮುಚ್ಚಿ ಓದಿ. ಯಾರ ಮಾತು ಯಾರದ್ದೆಂದು ತಿಳಿಯದಿದ್ದರೆ ನಾಲ್ಕನೆಯದು ಕೆಟ್ಟಿದೆ. "ವಿಧಿ", "ಕಾಕತಾಳೀಯ", "ಯಾಕೋ ಏನೋ" ಇಂಥ ಪದ ಕಂಡರೆ ನಿಮ್ಮ ಅಪಘಾತಕ್ಕೆ ಕಾರಣ ಸಿಕ್ಕಿಲ್ಲ, ಪದದಿಂದ ತೇಪೆ ಹಾಕಿದ್ದೀರಿ.

ರೆಕಾರ್ಡ್ ಮಾಡಿ ಕೇಳುವಾಗ ನಿಮಗೇ ನಾಚಿಕೆ ಬರುವ ಸಾಲು ಸಾಮಾನ್ಯವಾಗಿ ಕೊನೆಯದ್ದೇ. ನನ್ನ ಮೊದಲ ಕರಡು ಹೀಗೆ ಮುಗಿದಿತ್ತು: "ಆ ಪುಟ್ಟ ಪೆನ್ನು ಅವನ ಬದುಕಿನಲ್ಲಿ ಹೊಸ ಅಧ್ಯಾಯ ಬರೆಯಲಿದೆ ಎಂದು ಅವನಿಗಾಗ ತಿಳಿದಿರಲಿಲ್ಲ." ಕೇಳಿದೆ, ಅಳಿಸಿದೆ. ಎರಡನೇ ಕರಡಿನಲ್ಲಿ ಅವನು ಓಡಿಹೋಗಿ ಗೇಟಿನಲ್ಲಿ ಅವಳ ಕೈಗೇ ಪೆನ್ನು ಕೊಡುತ್ತಿದ್ದ, ಇಬ್ಬರೂ ಹೆಸರು ಹೇಳಿಕೊಳ್ಳುತ್ತಿದ್ದರು. ಅದೂ ಹೋಯಿತು. ಹೆಸರು ಸಿಕ್ಕಿದರೆ ಮುಂದಿನ ಹದಿನಾಲ್ಕು ನೂರು ಪದಕ್ಕೆ ಕೆಲಸವೇ ಇಲ್ಲ.

ಈಗ ಇರುವುದು ಇದು:

*ಗಾಡಿ ಬಂತು, ನಿಂತಿತು, ಹೋಯಿತು. ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಕೇಳಿದ, "ಯಾರಿಗೆ ಕೊಡಬೇಕು? ಹೆಸರು?"*

*ಸುಧಾಕರ ಬಾಳೆ ಎಲೆಯ ಸುರುಳಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ.*

*"ಧಾರವಾಡ," ಅಂದ.*